ಏಳು ಚಿತ್ರ, ಐದು ಹೆಕ್ಸೇನ್

ಪ್ರಥಮ ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳಿಗೆ ದಸರಾ ರಜೆಯಲ್ಲಿ ಮಾಡಿ ತರಲೆಂದು ಕಾಲೇಜಿನವರು ಸಾವಯವ ರಸಾಯನಶಾಸ್ತ್ರದ ವರ್ಕ್‌ಶೀಟ್ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಭಾಗಗಳು. ರಚನೆ ನೋಡಿ ಹೆಸರಿಸುವುದು ಮೊದಲನೆಯದು, ಹೆಸರು ನೋಡಿ ರಚನೆ ಬರೆಯುವುದು ಎರಡನೆಯದು, ಆಮೇಲೆ ಕ್ರಿಯಾಗುಂಪುಗಳು, ಕಟ್ಟಕಡೆಗೆ ಐಸೊಮರ್‌ಗಳು. ನಾನು ಚಳ್ಳಕೆರೆಯ ಒಂದು ಎಣ್ಣೆ ಘಟಕದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಭಾನುವಾರ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋದಾಗ, ಅವಳೂ ಅವಳ ಗೆಳತಿಯೂ ನಡುಮನೆಯ ತುಂಬ ಹಾಳೆ ಹರಡಿಕೊಂಡು ವಾದಕ್ಕೆ ಬಿದ್ದಿದ್ದರು.

ವಾದ ಇದ್ದದ್ದು ಕೊನೆಯ ಭಾಗದ ಒಂದೇ ಪ್ರಶ್ನೆಯ ಮೇಲೆ: C₆H₁₄ ಅಣುಸೂತ್ರಕ್ಕೆ ಇರುವ ಎಲ್ಲಾ ರಚನಾ ಐಸೊಮರ್‌ಗಳನ್ನು ಬಿಡಿಸಿ, ಹೆಸರಿಸಿ. ಅಣುಸೂತ್ರ ಒಂದೇ ಇದ್ದು, ಪರಮಾಣುಗಳು ಒಂದಕ್ಕೊಂದು ಕೂಡಿಕೊಂಡ ಕ್ರಮ ಬೇರೆ ಬೇರೆಯಾಗಿದ್ದರೆ ಅವು ರಚನಾ ಐಸೊಮರ್‌ಗಳು. ಅಕ್ಕನ ಮಗಳು ಏಳು ಬಿಡಿಸಿದ್ದಳು. ಗೆಳತಿ ಆರು ಬಿಡಿಸಿದ್ದಳು.

“ಮಾವ, ಎಷ್ಟು ಅಂತ ಹೇಳಿಬಿಡಿ, ಸಾಕು” ಎಂದಳು ಇವಳು.

“ಐದು” ಎಂದೆ.

ಇಬ್ಬರ ಮುಖವೂ ಸಪ್ಪಗಾಯಿತು. ಐದು ಎಂದು ತಿಳಿದರೆ ಯಾವ ಎರಡನ್ನು ಹೊಡೆದುಹಾಕಬೇಕು ಎಂಬುದು ತಿಳಿಯುವುದಿಲ್ಲ ಎನ್ನುವುದು ಆಗಲೇ ಅವರಿಗೆ ಹೊಳೆದಿತ್ತು.

ಈ ವರ್ಕ್‌ಶೀಟ್ ಮಾಡಿದವರ ಮೇಲೆ ನನ್ನದೊಂದು ತಕರಾರಿದೆ. ಹೆಸರಿಸುವುದು ಮೊದಲ ಭಾಗ, ಐಸೊಮರ್ ಕೊನೆಯ ಭಾಗ ಎಂದು ದೂರ ದೂರ ಇಟ್ಟರೆ ಮಕ್ಕಳು ಅವನ್ನು ಎರಡು ಪ್ರತ್ಯೇಕ ಕೆಲಸ ಎಂದುಕೊಳ್ಳುತ್ತಾರೆ. ಎಲ್ಲಾ ಚಿತ್ರ ಬಿಡಿಸಿ ಮುಗಿಸಿ, ಆಮೇಲೆ ಪ್ರಶ್ನೆ ಕೇಳಿದೆ ಎಂಬ ಕಾರಣಕ್ಕೆ ಕೆಳಗೆ ಹೆಸರು ಬರೆಯುತ್ತಾರೆ. ಆದರೆ ಎರಡು ಚಿತ್ರಗಳು ಒಂದೇ ಅಣುವೋ ಬೇರೆ ಬೇರೆಯೋ ಎಂದು ಪತ್ತೆ ಹಚ್ಚಲು ವಿದ್ಯಾರ್ಥಿಯ ಕೈಯಲ್ಲಿರುವ ಅತ್ಯಂತ ನಂಬಿಕಸ್ಥ ಸಾಧನವೇ ಹೆಸರು. ನಿಯಮದ ಪ್ರಕಾರ ಹೆಸರಿಟ್ಟಾಗ ಎರಡಕ್ಕೂ ಒಂದೇ ಹೆಸರು ಬಂದರೆ ಚಿತ್ರ ಎಷ್ಟೇ ಬೇರೆಯಾಗಿ ಕಂಡರೂ ಅಣು ಒಂದೇ. ಹಾಗಾಗಿ ನಾವು ಕೊನೆಯ ಭಾಗದಿಂದಲೇ ಶುರು ಮಾಡಿದೆವು. ಒಂದು ಚಿತ್ರ, ಅದರ ಕೆಳಗೆ ಒಂದು ಹೆಸರು, ಆಮೇಲಷ್ಟೇ ಮುಂದಿನ ಚಿತ್ರ.

ಮೊದಲಿಗೆ ಹಳೆಯ ಹಾಳೆಗಳನ್ನು ಪಕ್ಕಕ್ಕಿಡಿಸಿ ಹೊಸದಾಗಿ ಬರೆಸಿದೆ. ಹೈಡ್ರೋಜನ್ ಬರೆಯುವುದು ಬೇಡ, ಕಾರ್ಬನ್‌ಗಳ ಅಸ್ಥಿಪಂಜರ ಮಾತ್ರ ಸಾಕು ಎಂದೆ. ಆರು ಕಾರ್ಬನ್‌ಗಳ ನೇರ ಸರಪಳಿ ಮೊದಲನೆಯದು; ಅದು ಹೆಕ್ಸೇನ್. ಇನ್ನು ಸರಪಳಿಯನ್ನು ಒಂದು ಕಾರ್ಬನ್‌ನಷ್ಟು ಮೊಟಕು ಮಾಡಬೇಕು. ಐದರ ಸರಪಳಿ ಉಳಿಯುತ್ತದೆ, ಕೈಯಲ್ಲಿ ಒಂದು ಕಾರ್ಬನ್ ಮಿಕ್ಕಿರುತ್ತದೆ. ಅದನ್ನು ಎಲ್ಲಿ ಕವಲಾಗಿ ಕೂರಿಸಬಹುದು?

“ಐದು ಜಾಗ ಇದೆಯಲ್ಲ ಮಾವ, ಐದು ಕಡೆಯೂ ಕೂರಿಸಬಹುದು.”

ಒಂದನೆಯ ಕಾರ್ಬನ್‌ಗೆ ಕೂರಿಸು ಎಂದೆ. ಕೂರಿಸಿದಳು, ನೋಡಿದಳು, ಸರಪಳಿ ಮತ್ತೆ ಆರಾಯಿತು. ಐದನೆಯದರಲ್ಲೂ ಅದೇ ಕಥೆ. ಎರಡನೆಯದಕ್ಕೆ ಕೂರಿಸಿದರೆ 2-ಮೀಥೈಲ್‌ಪೆಂಟೇನ್. ಮೂರನೆಯದಕ್ಕೆ ಕೂರಿಸಿದರೆ 3-ಮೀಥೈಲ್‌ಪೆಂಟೇನ್. ನಾಲ್ಕನೆಯದಕ್ಕೆ ಕೂರಿಸಿ 4-ಮೀಥೈಲ್‌ಪೆಂಟೇನ್ ಎಂದು ಬರೆದಳು. ಅವಳ ಹಳೆಯ ಹಾಳೆಯಲ್ಲಿಯೂ ಅದು ಹಾಗೆಯೇ ಇತ್ತು. ಸರಪಳಿಗೆ ಎಡಗಡೆಯಿಂದಲೇ ಅಂಕೆ ಕೊಡಬೇಕು ಎಂದು ಯಾರೂ ಹೇಳಿಲ್ಲ. ಕವಲು ಯಾವ ತುದಿಗೆ ಹತ್ತಿರವೋ ಆ ತುದಿಯಿಂದ ಎಣಿಸಬೇಕು. ಬಲದಿಂದ ಎಣಿಸಿದಾಗ ಅದು 2-ಮೀಥೈಲ್‌ಪೆಂಟೇನ್ ಆಯಿತು, ಮೇಲಿನ ಹೆಸರಿನೊಂದಿಗೆ ತಾಳೆಯಾಯಿತು. ಏಳರಲ್ಲಿ ಒಂದು ಹೋಯಿತು.

ಮುಂದೆ ನಾಲ್ಕರ ಸರಪಳಿ, ಕೈಯಲ್ಲಿ ಎರಡು ಕಾರ್ಬನ್. ಎರಡನ್ನೂ ಬಿಡಿಬಿಡಿ ಮೀಥೈಲ್‌ಗಳಾಗಿ ಕೂರಿಸಬಹುದು, ಅಥವಾ ಜೋಡಿಸಿ ಒಂದು ಈಥೈಲ್ ಆಗಿ ಕೂರಿಸಬಹುದು. ಬಿಡಿಯಾಗಿ ಕೂರಿಸಲು ಒಳಗಿನ ಜಾಗ ಎರಡೇ. ಎರಡೂ ಒಂದೇ ಕಾರ್ಬನ್ ಮೇಲೆ ಕೂತರೆ 2,2-ಡೈಮೀಥೈಲ್‌ಬ್ಯೂಟೇನ್, ಒಂದೊಂದರ ಮೇಲೆ ಒಂದೊಂದು ಕೂತರೆ 2,3-ಡೈಮೀಥೈಲ್‌ಬ್ಯೂಟೇನ್. ಮೂರನೆಯದರ ಮೇಲೆ ಎರಡನ್ನೂ ಇಟ್ಟರೆ ಇನ್ನೊಂದು ತುದಿಯಿಂದ ಎಣಿಸಿದಾಗ ಮತ್ತೆ 2,2 ಆಗುತ್ತದೆ.

ಈಥೈಲ್ ಕಡೆಗೆ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಒದ್ದಾಡಿದರು. ನಾಲ್ಕು ಕಾರ್ಬನ್‌ಗಳನ್ನು ಅಡ್ಡ ಸಾಲಿನಲ್ಲಿ ಬರೆದು, ಎರಡನೆಯದರಿಂದ ಕೆಳಕ್ಕೆ ಎರಡು ಕಾರ್ಬನ್ ಇಳಿಬಿಟ್ಟರೆ ಅದು ನಿಜಕ್ಕೂ ಬೇರೆಯೇ ಕಾಣುತ್ತದೆ. ಅಕ್ಕನ ಮಗಳು ಅದಕ್ಕೆ 2-ಈಥೈಲ್‌ಬ್ಯೂಟೇನ್ ಎಂದು ಹೆಸರಿಟ್ಟಿದ್ದಳು. ಪೆನ್ಸಿಲ್ ತುದಿಯನ್ನು ಈಥೈಲ್‌ನ ಕೆಳತುದಿಯಲ್ಲಿಟ್ಟು ಮೇಲಕ್ಕೆ ಹತ್ತಿ, ಅಡ್ಡ ಸಾಲಿಗೆ ಸೇರಿ, ಬಲಕ್ಕೆ ತಿರುಗಿ ಕೊನೆಯವರೆಗೆ ಹೋಗು ಎಂದೆ. ಒಂದು, ಎರಡು, ಮೂರು, ನಾಲ್ಕು, ಐದು. ಸರಪಳಿ ನಾಲ್ಕರದ್ದಲ್ಲ, ಐದರದ್ದು. ಅವಳು ಸರಪಳಿಯ ಮೊದಲ ಕಾರ್ಬನ್ ಎಂದುಕೊಂಡಿದ್ದು ನಿಜದಲ್ಲಿ ಕವಲು. ಹೆಸರು 3-ಮೀಥೈಲ್‌ಪೆಂಟೇನ್, ಅದು ಆಗಲೇ ಪಟ್ಟಿಯಲ್ಲಿತ್ತು. ಅಲ್ಲಿಗೆ ಏಳು ಐದಾಯಿತು.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಎರಡನೆಯ ಕಾರ್ಬನ್‌ನಿಂದ ತುದಿಯ ಕಡೆಗೆ ಉಳಿದಿರುವುದು ಒಂದೇ ಕಾರ್ಬನ್. ಅಲ್ಲಿ ಎರಡು ಕಾರ್ಬನ್‌ಗಳ ಕವಲು ಕೂರಿಸಿದರೆ ಕವಲೇ ತುದಿಗಿಂತ ಉದ್ದವಾಗುತ್ತದೆ, ಆಗ ಕವಲು ಸರಪಳಿಯಾಗಿ ಸರಪಳಿಯ ತುದಿ ಕವಲಾಗಿಬಿಡುತ್ತದೆ. ಆದ್ದರಿಂದ ಈಥೈಲ್ ಕವಲು ಎರಡೂ ತುದಿಗಳಿಂದ ಕನಿಷ್ಠ ಮೂರನೆಯ ಸ್ಥಾನದಲ್ಲಿರಬೇಕು, ಅಂದರೆ ಮುಖ್ಯ ಸರಪಳಿಯಲ್ಲಿ ಕನಿಷ್ಠ ಐದು ಕಾರ್ಬನ್ ಇರಬೇಕು. ಐದರ ಸರಪಳಿಗೆ ಈಥೈಲ್ ಸೇರಿದರೆ ಏಳು ಕಾರ್ಬನ್. ಆರರಲ್ಲಿ ಈಥೈಲ್ ಕವಲಿಗೆ ಜಾಗವೇ ಇಲ್ಲ. ಮೂರರ ಸರಪಳಿಯನ್ನೂ ಪರೀಕ್ಷಿಸಿದೆವು: ನಡುವಿನ ಕಾರ್ಬನ್‌ಗೆ ಎರಡು ಬಂಧ ಸರಪಳಿಗೆ ಹೋಯಿತು, ಉಳಿದದ್ದು ಎರಡು, ಕೂರಿಸಬೇಕಾದ ಮೀಥೈಲ್‌ಗಳು ಮೂರು. ಆಗುವುದಿಲ್ಲ.

ಗೆಳತಿಯ ಆರು ಚಿತ್ರಗಳ ಸಮಸ್ಯೆ ಬೇರೆ ತರಹದ್ದು. ಹೆಕ್ಸೇನ್ ಅವಳಲ್ಲಿ ಎರಡು ಸಲ ಇತ್ತು. ಒಂದು ನೇರ, ಇನ್ನೊಂದು ನಾಲ್ಕು ಕಾರ್ಬನ್ ಅಡ್ಡಕ್ಕೆ ಹೋಗಿ ಕೊನೆಯದರಿಂದ ಎರಡು ಕೆಳಕ್ಕೆ ಇಳಿದದ್ದು. ಅಕ್ಕ ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಕಟ್ಟಿದ ಮಾಲೆಯನ್ನು ನೆಲದ ಮೇಲೆ ನೇರ ಇಟ್ಟರೂ ಡೊಂಕಾಗಿ ಇಟ್ಟರೂ ಮಾಲೆ ಅದೇ ಎಂದು ತೋರಿಸಿದೆ. ಕಾಗದದ ಮೇಲಿನ ಮೂಲೆ ಅಣುವಿನಲ್ಲಿ ಇಲ್ಲ. ಏಕಬಂಧಗಳ ಸುತ್ತ ಅಣು ತಿರುಗುತ್ತಲೇ ಇರುತ್ತದೆ. ಕೇಳಬೇಕಾದ ಪ್ರಶ್ನೆ ಯಾವ ಕಾರ್ಬನ್ ಯಾವುದಕ್ಕೆ ಕೂಡಿದೆ ಎಂಬುದೊಂದೇ.

ಅವಳ ಇನ್ನೊಂದು ಚಿತ್ರದಲ್ಲಿ ಅಸ್ಥಿಪಂಜರ ಸರಿಯಿತ್ತು, 2,2-ಡೈಮೀಥೈಲ್‌ಬ್ಯೂಟೇನ್. ಆದರೆ ಅದನ್ನು CH₃–CH(CH₃)₂–CH₂–CH₃ ಎಂದು ಬರೆದಿದ್ದಳು. ಹೈಡ್ರೋಜನ್ ಎಣಿಸಿಸಿದೆ. ಮೂರು, ಒಂದು, ಆರು, ಎರಡು, ಮೂರು, ಒಟ್ಟು ಹದಿನೈದು. ಸೂತ್ರ ಹೇಳುವುದು ಹದಿನಾಲ್ಕು. ಒಂದು ಹೆಚ್ಚಾಗಿದೆ ಎಂದರೆ ಎಲ್ಲೋ ಒಂದು ಕಾರ್ಬನ್ ಐದು ಕೈ ಚಾಚಿದೆ ಎಂದರ್ಥ. ಎರಡನೆಯ ಕಾರ್ಬನ್‌ಗೆ ಎಡಕ್ಕೊಂದು, ಬಲಕ್ಕೊಂದು, ಎರಡು ಮೀಥೈಲ್, ಅಲ್ಲಿಗೆ ನಾಲ್ಕು ಬಂಧ ಮುಗಿಯಿತು. ಅಲ್ಲಿ ಹೈಡ್ರೋಜನ್‌ಗೆ ಸ್ಥಳವಿಲ್ಲ. ಆಲ್ಕೇನ್‌ನಲ್ಲಿ ಕಾರ್ಬನ್ n ಇದ್ದರೆ ಹೈಡ್ರೋಜನ್ 2n+2 ಇರಬೇಕು ಎಂಬ ಸಾಮಾನ್ಯ ಸೂತ್ರ ಎಲ್ಲರಿಗೂ ಬಾಯಿಪಾಠ. ಅದನ್ನು ಬಿಡಿಸಿದ ಪ್ರತಿ ಚಿತ್ರಕ್ಕೂ ತಾಳೆ ನೋಡುವವರು ಕಡಿಮೆ.

ಈ ಐದು ಅಣುಗಳು ನನಗೆ ಬರೀ ಕಾಗದದ ಮೇಲಿನವಲ್ಲ. ನಮ್ಮ ಘಟಕದಲ್ಲಿ ಕಡಲೆಕಾಯಿ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್‌ನಲ್ಲಿ ಕರಗಿಸಿ ತೆಗೆಯುತ್ತೇವೆ. ಗಾಣದಲ್ಲಿ ಎಷ್ಟು ಒತ್ತಿದರೂ ಹಿಂಡಿಯಲ್ಲಿ ಆರೇಳು ಶೇಕಡಾ ಎಣ್ಣೆ ಉಳಿಯುತ್ತದೆ. ಹೆಕ್ಸೇನ್‌ನಲ್ಲಿ ತೊಳೆದಾಗ ಅದು ಒಂದು ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಹಬೆ ಕೊಟ್ಟು ಹೆಕ್ಸೇನನ್ನು ಆವಿಯಾಗಿಸಿ, ತಣಿಸಿ ಮತ್ತೆ ಹಿಡಿಯುತ್ತೇವೆ. ಟ್ಯಾಂಕರ್‌ನಲ್ಲಿ ಬರುವ ಈ ಹೆಕ್ಸೇನ್ ಒಂದೇ ಕುದಿಬಿಂದುವಿನಲ್ಲಿ ಕುದಿಯುವುದಿಲ್ಲ. ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರುವಾಗಿ 70ರ ಆಸುಪಾಸಿನಲ್ಲಿ ಮುಗಿಯುತ್ತದೆ, ಏಕೆಂದರೆ ಅದರಲ್ಲಿ ನೇರ ಹೆಕ್ಸೇನ್ ಜೊತೆಗೆ ಮೀಥೈಲ್‌ಪೆಂಟೇನ್‌ಗಳೂ ಒಂದಿಷ್ಟು ಉಂಗುರದ ಹೈಡ್ರೋಕಾರ್ಬನ್‌ಗಳೂ ಬೆರೆತಿರುತ್ತವೆ. ಶುದ್ಧ ರೂಪದಲ್ಲಿ ನೇರ ಹೆಕ್ಸೇನ್ 69 ಡಿಗ್ರಿಯಲ್ಲಿ, 3-ಮೀಥೈಲ್‌ಪೆಂಟೇನ್ 63ರಲ್ಲಿ, 2-ಮೀಥೈಲ್‌ಪೆಂಟೇನ್ 60ರಲ್ಲಿ, 2,3-ಡೈಮೀಥೈಲ್‌ಬ್ಯೂಟೇನ್ 58ರಲ್ಲಿ ಕುದಿಯುತ್ತವೆ. 2,2-ಡೈಮೀಥೈಲ್‌ಬ್ಯೂಟೇನ್ 50ಕ್ಕೇ ಕುದಿದುಬಿಡುತ್ತದೆ. ಕವಲೊಡೆದಷ್ಟೂ ಅಣು ಮುದುಡಿ ಗುಂಡಗಾಗುತ್ತದೆ, ಪಕ್ಕದ ಅಣುವಿಗೆ ತಾಗುವ ಮೇಲ್ಮೈ ಕಡಿಮೆಯಾಗುತ್ತದೆ, ಅವುಗಳ ನಡುವಿನ ಸೆಳೆತ ಸಡಿಲವಾಗುತ್ತದೆ. “4-ಮೀಥೈಲ್‌ಪೆಂಟೇನ್ ಎಷ್ಟು ಡಿಗ್ರಿಗೆ ಕುದಿಯುತ್ತದೆ ಅಂಕಲ್?” ಎಂದು ಗೆಳತಿ ಇವಳನ್ನು ರೇಗಿಸಲು ಕೇಳಿದಳು. ಅದು 60ಕ್ಕೇ ಎಂದು ಇವಳು ತಡಮಾಡದೆ ಉತ್ತರಿಸಿದಳು. ಸರಿಯಾದ ಉತ್ತರ.

ಕೊನೆಯ ಭಾಗ ಕೈಗೆ ಹತ್ತಿದ ಮೇಲೆ ಮೊದಲ ಭಾಗ ಸಲೀಸಾಯಿತು. ಅಲ್ಲಿ ಕೊಟ್ಟ ರಚನೆಗಳಲ್ಲಿ ಒಂದು ಬೇಕೆಂದೇ ದಾರಿ ತಪ್ಪಿಸಲು ಬಿಡಿಸಿದ್ದು:

```
    C
    |
C - C - C - C
        |
        C
        |
        C
```

ಕಣ್ಣು ಅಡ್ಡ ಸಾಲಿಗೆ ಅಂಟಿಕೊಂಡು ಬ್ಯೂಟೇನ್ ಎನ್ನುತ್ತದೆ. ಈಥೈಲ್‌ನ ಪಾಠ ಆಗಲೇ ಆಗಿದ್ದರಿಂದ ಇಬ್ಬರೂ ನೇರವಾಗಿ ಕೆಳಗಿನ ತುದಿಗೆ ಬೆರಳಿಟ್ಟರು. ಕೆಳಗಿನಿಂದ ಹತ್ತಿ ಎಡಕ್ಕೆ ಹೋದರೆ ಐದು. ಹಾಗಾದರೆ ಅಡ್ಡ ಸಾಲಿನ ಬಲತುದಿಯ ಕಾರ್ಬನ್ ಒಂದು ಮೀಥೈಲ್, ಮೇಲಿನದು ಇನ್ನೊಂದು ಮೀಥೈಲ್. ಎಡದಿಂದ ಎಣಿಸಿದರೆ 2,3. ಕೆಳಗಿನಿಂದ ಎಣಿಸಿದರೆ 3,4. ಉತ್ತರ 2,3-ಡೈಮೀಥೈಲ್‌ಪೆಂಟೇನ್.

ಅಂಕೆ ಕೊಡುವ ನಿಯಮದ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಅವರ ನೋಟ್ಸ್‌ನಲ್ಲಿ “ಅಂಕೆಗಳ ಮೊತ್ತ ಕಡಿಮೆ ಇರುವ ಕಡೆಯಿಂದ ಎಣಿಸಿ” ಎಂದಿತ್ತು. ಬಹಳ ಕಡೆ ಹೀಗೆಯೇ ಕಲಿಸುತ್ತಾರೆ, ಸಣ್ಣ ಅಣುಗಳಲ್ಲಿ ಇದರಿಂದ ತೊಂದರೆಯೂ ಆಗುವುದಿಲ್ಲ. ಆದರೆ ನಿಯಮ ಅದಲ್ಲ. ಎರಡೂ ಕಡೆಯಿಂದ ಬರುವ ಅಂಕೆಗಳ ಸಾಲನ್ನು ಅಕ್ಕಪಕ್ಕ ಇಟ್ಟು, ಮೊದಲು ವ್ಯತ್ಯಾಸ ಕಂಡ ಜಾಗದಲ್ಲಿ ಯಾವುದು ಚಿಕ್ಕದೋ ಅದನ್ನು ಆರಿಸಬೇಕು. ಹತ್ತು ಕಾರ್ಬನ್‌ಗಳ ಡೆಕೇನ್ ಸರಪಳಿಯಲ್ಲಿ ಎಡದಿಂದ ಎಣಿಸಿದಾಗ 2, 7, 8ನೆಯ ಸ್ಥಾನಗಳಲ್ಲಿ ಮೀಥೈಲ್‌ಗಳಿವೆ ಎಂದುಕೊಳ್ಳಿ. ಬಲದಿಂದ ಎಣಿಸಿದರೆ ಅವೇ 3, 4, 9 ಆಗುತ್ತವೆ. ಮೊದಲಿನದರ ಮೊತ್ತ 17, ಎರಡನೆಯದರದ್ದು 16. ಮೊತ್ತ ನೋಡುವವರು 3,4,9 ಬರೆಯುತ್ತಾರೆ. ಸರಿಯಾದ ಹೆಸರು 2,7,8-ಟ್ರೈಮೀಥೈಲ್‌ಡೆಕೇನ್, ಏಕೆಂದರೆ ಮೊದಲ ಅಂಕೆಯಲ್ಲೇ ಎರಡು ಮೂರಕ್ಕಿಂತ ಚಿಕ್ಕದು. ಮುಂದಿನದನ್ನು ನೋಡುವ ಅಗತ್ಯವೇ ಇಲ್ಲ. ಅಕ್ಕನ ಮಗಳು ನೋಟ್ಸ್‌ನ ಆ ಸಾಲನ್ನು ಹೊಡೆದುಹಾಕಲು ಹಿಂಜರಿದಳು. ಪಕ್ಕದಲ್ಲಿ ಪೆನ್ಸಿಲ್‌ನಿಂದ ಈ ಉದಾಹರಣೆ ಬರೆದಿಟ್ಟುಕೊಂಡಳು. ಅದೂ ಸರಿಯೇ.

ಆಲ್ಕೀನ್‌ಗಳಿಗೆ ಬಂದಾಗ ಪ್ರಶ್ನೆ ಇದ್ದದ್ದು ಹೀಗೆ: C₄H₈ ಸೂತ್ರದ ಐಸೊಮರ್‌ಗಳನ್ನು ಬಿಡಿಸಿ. ಆಲ್ಕೇನ್ ಆಗಿದ್ದರೆ ನಾಲ್ಕು ಕಾರ್ಬನ್‌ಗೆ ಹತ್ತು ಹೈಡ್ರೋಜನ್ ಇರಬೇಕಿತ್ತು. ಎರಡು ಕಡಿಮೆ ಇವೆ. ಎರಡು ಹೈಡ್ರೋಜನ್ ಕಡಿಮೆಯಾದರೆ ಅಣುವಿನಲ್ಲಿ ಒಂದು ದ್ವಿಬಂಧ ಇರಬೇಕು ಇಲ್ಲವೇ ಒಂದು ಉಂಗುರ ಇರಬೇಕು. ಪ್ರಶ್ನೆಯಲ್ಲಿ “ಆಲ್ಕೀನ್” ಎಂಬ ಮಾತಿಲ್ಲ. ಹಾಗಾಗಿ ಉಂಗುರಗಳನ್ನೂ ಬರೆಯಬೇಕು ಎಂದೆ. ಇಬ್ಬರೂ ಅವನ್ನು ಯೋಚಿಸಿಯೇ ಇರಲಿಲ್ಲ.

ದ್ವಿಬಂಧದಿಂದಲೇ ಶುರು ಮಾಡಿದೆವು. ನಾಲ್ಕರ ನೇರ ಸರಪಳಿಯಲ್ಲಿ ಬಂಧಗಳು ಮೂರು, ಆದ್ದರಿಂದ ದ್ವಿಬಂಧವನ್ನು ಮೂರು ಕಡೆ ಇಡಬಹುದು ಎನಿಸುತ್ತದೆ. ಮೊದಲನೆಯದು ಬ್ಯೂಟ್-1-ಈನ್, ನಡುವಿನದು ಬ್ಯೂಟ್-2-ಈನ್. ಮೂರನೆಯದಕ್ಕೆ ಬ್ಯೂಟ್-3-ಈನ್ ಎಂದು ಬರೆಯಲು ಹೊರಟ ಗೆಳತಿ ತಾನೇ ನಿಲ್ಲಿಸಿ, ಇನ್ನೊಂದು ತುದಿಯಿಂದ ಎಣಿಸಿ, ಬರೆದದ್ದನ್ನು ಅಳಿಸಿದಳು. ಮೂರರ ಸರಪಳಿಗೆ ಒಂದು ಮೀಥೈಲ್ ಕೂರಿಸಿದರೆ 2-ಮೀಥೈಲ್‌ಪ್ರೋಪೀನ್. ಇದರಲ್ಲಿ ದ್ವಿಬಂಧ ಎಲ್ಲಿಟ್ಟರೂ ಹೆಸರು ಒಂದೇ.

ಇಲ್ಲಿ ಹೆಸರಿನ ಪರೀಕ್ಷೆಗೆ ಇನ್ನೊಂದು ಹಂತ ಸೇರುತ್ತದೆ. ಏಕಬಂಧದ ಸುತ್ತ ತಿರುಗಿದ ಹಾಗೆ ದ್ವಿಬಂಧದ ಸುತ್ತ ಅಣು ತಿರುಗುವುದಿಲ್ಲ. ಬ್ಯೂಟ್-2-ಈನ್‌ನ ಎರಡು ಮೀಥೈಲ್‌ಗಳು ದ್ವಿಬಂಧದ ಒಂದೇ ಮಗ್ಗುಲಿಗೆ ಇದ್ದರೆ ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್. ಇವು ನಿಜವಾಗಿಯೂ ಬೇರೆ ಬೇರೆ ವಸ್ತುಗಳು. ಸಿಸ್ ರೂಪ ಸುಮಾರು 4 ಡಿಗ್ರಿಯಲ್ಲಿ ಕುದಿಯುತ್ತದೆ, ಟ್ರಾನ್ಸ್ ಸುಮಾರು 1 ಡಿಗ್ರಿಯಲ್ಲಿ. ಹಾಗೆಂದು ಎಲ್ಲಾ ಆಲ್ಕೀನ್‌ಗೂ ಸಿಸ್-ಟ್ರಾನ್ಸ್ ಬರೆಯುವಂತಿಲ್ಲ. ದ್ವಿಬಂಧದ ಒಂದೊಂದು ಕಾರ್ಬನ್ ಅನ್ನೂ ಬೇರೆಯಾಗಿ ನೋಡಬೇಕು: ಅದಕ್ಕೆ ಅಂಟಿರುವ ಎರಡು ಗುಂಪುಗಳು ಒಂದಕ್ಕೊಂದು ಬೇರೆಯಾಗಿರಬೇಕು, ಮತ್ತು ಈ ಮಾತು ಎರಡೂ ಕಾರ್ಬನ್‌ಗಳಿಗೂ ಒಪ್ಪಬೇಕು. ಬ್ಯೂಟ್-1-ಈನ್‌ನ ತುದಿಯ ಕಾರ್ಬನ್ ಮೇಲೆ ಎರಡೂ ಹೈಡ್ರೋಜನ್. ಅವನ್ನು ಅದಲುಬದಲು ಮಾಡಿದರೆ ಏನೂ ಬದಲಾಗುವುದಿಲ್ಲ, ಆದ್ದರಿಂದ ಅಲ್ಲಿ ಸಿಸ್-ಟ್ರಾನ್ಸ್ ಇಲ್ಲ. 2-ಮೀಥೈಲ್‌ಪ್ರೋಪೀನ್‌ನಲ್ಲೂ ಅದೇ ಕಾರಣಕ್ಕೆ ಇಲ್ಲ.

ಉಂಗುರಗಳು ಎರಡು: ನಾಲ್ಕು ಕಾರ್ಬನ್‌ಗಳ ಸೈಕ್ಲೋಬ್ಯೂಟೇನ್, ಮೂರರ ಉಂಗುರಕ್ಕೆ ಒಂದು ಮೀಥೈಲ್ ಸೇರಿದ ಮೀಥೈಲ್‌ಸೈಕ್ಲೋಪ್ರೋಪೇನ್. ಅಲ್ಲಿಗೆ ರಚನಾ ಐಸೊಮರ್‌ಗಳು ಐದು, ಸಿಸ್ ಮತ್ತು ಟ್ರಾನ್ಸ್ ಬೇರೆಬೇರೆಯಾಗಿ ಎಣಿಸಿದರೆ ಆರು. ಬರೀ ಆಲ್ಕೀನ್ ಕೇಳಿದ್ದರೆ ಮೂರು ಅಥವಾ ನಾಲ್ಕು. ಉತ್ತರಪತ್ರಿಕೆಯಲ್ಲಿ ಯಾವ ಸಂಖ್ಯೆ ಇದೆಯೋ ನನಗೆ ಗೊತ್ತಿಲ್ಲ. ಸಂಖ್ಯೆಯ ಪಕ್ಕದಲ್ಲಿ ಏನನ್ನು ಎಣಿಸಿದ್ದೀರಿ ಎಂದು ಒಂದು ಸಾಲು ಬರೆಯಿರಿ ಎಂದು ಇಬ್ಬರಿಗೂ ಹೇಳಿದೆ.

ಮೊದಲ ಭಾಗದ ಒಂದು ಆಲ್ಕೀನ್ ನನ್ನನ್ನೂ ಸ್ವಲ್ಪ ಹೊತ್ತು ಹಿಡಿದು ನಿಲ್ಲಿಸಿತು. CH₂=C(C₂H₅)–CH₂–CH₂–CH₃. ಈಥೈಲ್‌ನ ತುದಿಯಿಂದ ಬಲತುದಿಯವರೆಗೆ ಎಣಿಸಿದರೆ ಆರು ಕಾರ್ಬನ್. ಆದರೆ ಆ ಆರರ ಸರಪಳಿಯಲ್ಲಿ ದ್ವಿಬಂಧದ ಒಂದು ಕಾರ್ಬನ್ ಮಾತ್ರ ಇದೆ, ಇನ್ನೊಂದು ಹೊರಗೆ ಉಳಿಯುತ್ತದೆ. ಪಿಯುಸಿ ಪಠ್ಯಪುಸ್ತಕದ ನಿಯಮದಂತೆ ದ್ವಿಬಂಧ ಪೂರ್ತಿಯಾಗಿ ಮುಖ್ಯ ಸರಪಳಿಯೊಳಗೇ ಇರಬೇಕು, ಸರಪಳಿ ಚಿಕ್ಕದಾದರೂ ಪರವಾಗಿಲ್ಲ. ಆಗ ಸರಪಳಿ ಐದರದ್ದಾಗಿ 2-ಈಥೈಲ್‌ಪೆಂಟ್-1-ಈನ್ ಎಂಬ ಹೆಸರು ಬರುತ್ತದೆ. ಹೆಸರಿಡುವ ನಿಯಮಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2013ರ ಶಿಫಾರಸಿನಲ್ಲಿ ಈ ಆದ್ಯತೆಯನ್ನು ತಿರುವು ಮಾಡಿದೆ. ಅದರಂತೆ ಸರಪಳಿಯ ಉದ್ದವೇ ಮೊದಲು. ಇದೇ ಅಣು 3-ಮೀಥೈಲಿಡೀನ್‌ಹೆಕ್ಸೇನ್ ಆಗುತ್ತದೆ. ಪರೀಕ್ಷೆಯಲ್ಲಿ ಪಠ್ಯದ ಹೆಸರನ್ನೇ ಬರೆಯಿರಿ ಎಂದೆ. ಆದರೆ ಅಂತರ್ಜಾಲದಲ್ಲೋ ಬೇರೆ ಪುಸ್ತಕದಲ್ಲೋ ಇನ್ನೊಂದು ಹೆಸರು ಕಂಡರೆ ನಿಮ್ಮ ಉತ್ತರ ತಪ್ಪೆಂದು ಗಾಬರಿಯಾಗಬೇಡಿ ಎಂದೂ ಸೇರಿಸಿದೆ.

ಕ್ರಿಯಾಗುಂಪುಗಳ ಭಾಗ ಬೇಗ ಮುಗಿಯಿತು. ತೊಡಕಾದದ್ದು ಒಂದೆರಡು ಕಡೆ ಮಾತ್ರ. CH₃–CH₂–CHO ನೋಡಿ ಗೆಳತಿ ಆಲ್ಕೊಹಾಲ್ ಎಂದಳು. ಕೊನೆಯಲ್ಲಿ H ಮತ್ತು O ಅಕ್ಕಪಕ್ಕ ಇರುವುದು ಅವಳ ಕಣ್ಣಿಗೆ OH ಆಗಿ ಕಂಡಿತ್ತು. CHO ಎಂಬ ಮೂರಕ್ಷರವನ್ನು ಬಂಧಗಳ ಸಮೇತ ಬಿಡಿಸಿದಾಗ ಆಕ್ಸಿಜನ್ ಕಾರ್ಬನ್‌ಗೆ ದ್ವಿಬಂಧದಿಂದ ಕೂಡಿದೆ, ಹೈಡ್ರೋಜನ್ ಕೂಡ ಕಾರ್ಬನ್‌ಗೇ ಅಂಟಿದೆ, ಆಕ್ಸಿಜನ್‌ಗಲ್ಲ ಎಂದು ಗೊತ್ತಾಯಿತು. ಅದು ಪ್ರೋಪನಾಲ್ ಅಲ್ಲ, ಪ್ರೋಪನ್ಯಾಲ್, ಆಲ್ಡಿಹೈಡ್. ಅದೇ C₃H₆O ಸೂತ್ರದಲ್ಲಿ ಆಕ್ಸಿಜನ್ ನಡುವಿನ ಕಾರ್ಬನ್‌ಗೆ ದ್ವಿಬಂಧದಿಂದ ಕೂಡಿದರೆ ಪ್ರೋಪನೋನ್, ಅಂದರೆ ಅಸಿಟೋನ್. ಒಂದೇ ಸೂತ್ರ, ಕ್ರಿಯಾಗುಂಪು ಬೇರೆ.

ಇನ್ನೊಂದು, C₃H₆O₂. ಒಂದು ರೂಪ ಪ್ರೋಪನೋಯಿಕ್ ಆಮ್ಲ. ಆಮ್ಲದ COOH ಒಳಗಿನ ಕಾರ್ಬನ್ ಅನ್ನೂ ಸರಪಳಿಯಲ್ಲಿ ಎಣಿಸಬೇಕು, ಅದೇ ಒಂದನೆಯದು. ಅದನ್ನು ಬಿಟ್ಟು ಎಣಿಸಿ ಈಥನೋಯಿಕ್ ಎಂದು ಬರೆಯುವವರು ಬಹಳ. ಇನ್ನೆರಡು ರೂಪಗಳು ಎಸ್ಟರ್‌ಗಳು. CH₃–COO–CH₃ ಮೀಥೈಲ್ ಈಥನೋಯೇಟ್, H–COO–C₂H₅ ಈಥೈಲ್ ಮೀಥನೋಯೇಟ್. ಎಸ್ಟರ್‌ನ ಹೆಸರು ಎರಡು ತುಂಡು. ಏಕಬಂಧದ ಆಕ್ಸಿಜನ್‌ನಿಂದಾಚೆ ಇರುವ ಗುಂಪು ಮೊದಲ ಪದ, ದ್ವಿಬಂಧದ ಆಕ್ಸಿಜನ್ ಹೊತ್ತ ಕಾರ್ಬನ್ ಯಾವ ಕಡೆ ಇದೆಯೋ ಆ ಕಡೆಯದು ಎರಡನೆಯ ಪದ. ಎಡದಿಂದ ಬಲಕ್ಕೆ ಓದುತ್ತಾ ಹೆಸರಿಟ್ಟರೆ ಇವೆರಡೂ ತಿರುಗಾಮುರುಗಾ ಆಗುತ್ತವೆ. ಆಮ್ಲ ಸುಮಾರು 141 ಡಿಗ್ರಿಗೆ ಕುದಿಯುತ್ತದೆ, ಎಸ್ಟರ್‌ಗಳು ಐವತ್ತು ಚಿಲ್ಲರೆಗೇ ಕುದಿಯುತ್ತವೆ. ಆಮ್ಲದ OH ಗುಂಪುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಎಸ್ಟರ್‌ಗಳಲ್ಲಿ ಆ ಹಿಡಿತ ಇಲ್ಲ.

ಈಥರ್ ಗುಂಪಿನ ಪ್ರಶ್ನೆ ಬಂದಾಗ ನಮ್ಮ ಪ್ರಯೋಗಾಲಯದ ಪೆಟ್ರೋಲಿಯಂ ಈಥರ್ ನೆನಪಾಯಿತು. ಹಿಂಡಿಯಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂದು ಅಳೆಯಲು ಅದನ್ನು ಬಳಸುತ್ತೇವೆ. ಬಾಟಲಿಯ ಮೇಲೆ ಈಥರ್ ಎಂದಿದ್ದರೂ ಒಳಗೆ ಈಥರ್ ಗುಂಪಿನ ಒಂದು ಅಣುವೂ ಇರುವುದಿಲ್ಲ, ಬರೀ ಹಗುರ ಹೈಡ್ರೋಕಾರ್ಬನ್‌ಗಳು. ವ್ಯಾಪಾರದ ಹೆಸರುಗಳಿಂದ ಕ್ರಿಯಾಗುಂಪು ಊಹಿಸಬೇಡಿ ಎಂದೆ.

ಸಂಜೆ ಚಹಾ ಕುಡಿದು ಹೊರಡುವ ಹೊತ್ತಿಗೆ ಗೆಳತಿ C₇H₁₆ ಪ್ರಯತ್ನಿಸೋಣವೇ ಎಂದಳು. ವರ್ಕ್‌ಶೀಟ್‌ನಲ್ಲಿ ಅದು ಇರಲಿಲ್ಲ. ಕಾರ್ಬನ್ ಹೆಚ್ಚಿದಂತೆ ಐಸೊಮರ್‌ಗಳ ಸಂಖ್ಯೆ ಎಂಥ ವೇಗದಲ್ಲಿ ಏರುತ್ತದೆ ಎಂದು ಅವಳಿಗೆ ಕುತೂಹಲ. ನಾಲ್ಕಕ್ಕೆ ಎರಡು, ಐದಕ್ಕೆ ಮೂರು, ಆರಕ್ಕೆ ಐದು. ಎಂಟಕ್ಕೆ ಹದಿನೆಂಟು, ಹತ್ತಕ್ಕೆ ಎಪ್ಪತ್ತೈದು. ಸರಳ ಸೂತ್ರಕ್ಕೆ ಸಂಖ್ಯೆ ಹಾಕಿ ಇದನ್ನು ಪಡೆಯಲಾಗುವುದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲೇ ಇದನ್ನು ಕವಲೊಡೆಯುವ ಮರಗಳನ್ನು ಎಣಿಸುವ ಗಣಿತದ ಸಮಸ್ಯೆಯಾಗಿ ತೆಗೆದುಕೊಂಡಿದ್ದ.

ಏಳಕ್ಕೆ ಎಷ್ಟು ಎಂದು ನಾನು ಬಾಯಿ ಬಿಡಲಿಲ್ಲ. ಹೆಪ್ಟೇನ್ ಆಯಿತು. ಆರರ ಸರಪಳಿಯಲ್ಲಿ 2-ಮೀಥೈಲ್, 3-ಮೀಥೈಲ್ ಆದವು; 4 ಎಂದರೆ 3ಕ್ಕೇ ಮರಳುತ್ತದೆ ಎಂದು ಬರೆಯುವ ಮೊದಲೇ ಹೇಳಿದರು. ಐದರ ಸರಪಳಿಯಲ್ಲಿ ಎರಡು ಮೀಥೈಲ್‌ಗಳು: 2,2 ಮತ್ತು 3,3, ಆಮೇಲೆ 2,3 ಮತ್ತು 2,4. ಅಲ್ಲಿ ನಿಂತು ಅಕ್ಕನ ಮಗಳು, “ಮಾವ, ಈಗ ಈಥೈಲ್ ಕೂರುತ್ತದೆ” ಎಂದಳು. ಐದರ ನಟ್ಟನಡುವೆ ಕೂರಿಸಿ, ಮೂರೂ ತುದಿಗಳಿಂದ ಪೆನ್ಸಿಲ್ ಓಡಿಸಿ, ಎಲ್ಲಿಂದ ಹೊರಟರೂ ಐದೇ ಬರುತ್ತದೆ ಎಂದು ಖಾತ್ರಿ ಮಾಡಿಕೊಂಡು 3-ಈಥೈಲ್‌ಪೆಂಟೇನ್ ಎಂದು ಬರೆದಳು. ನಾಲ್ಕರ ಸರಪಳಿಗೆ ಮೂರು ಮೀಥೈಲ್ ಕೂರಿಸುವ ರೀತಿ ಒಂದೇ, 2,2,3-ಟ್ರೈಮೀಥೈಲ್‌ಬ್ಯೂಟೇನ್. ಗೆಳತಿ ಅದರ ಹೈಡ್ರೋಜನ್ ಎಣಿಸಿದಳು. ಹದಿನಾರು.

“ಒಂಬತ್ತು” ಎಂದರು ಇಬ್ಬರೂ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ರಚನಾ ಐಸೊಮರ್‌ಗಳು ಒಂಬತ್ತೇ ಎಂದೆ. 3-ಮೀಥೈಲ್‌ಹೆಕ್ಸೇನ್‌ನ ಮೂರನೆಯ ಕಾರ್ಬನ್‌ಗೆ ಏನೇನು ಅಂಟಿದೆ ಎಂದು ಕೇಳಿದೆ. ಹೈಡ್ರೋಜನ್, ಮೀಥೈಲ್, ಈಥೈಲ್, ಪ್ರೋಪೈಲ್ ಎಂದು ಹೇಳಿದಳು. ನಾಲ್ಕೂ ಬೇರೆ ಬೇರೆಯಾಗಿದ್ದರೆ ಆ ಅಣುವೂ ಕನ್ನಡಿಯಲ್ಲಿನ ಅದರ ಬಿಂಬವೂ ಒಂದರ ಮೇಲೊಂದು ಹೊಂದುವುದಿಲ್ಲ, 2,3-ಡೈಮೀಥೈಲ್‌ಪೆಂಟೇನ್‌ನಲ್ಲೂ ಹೀಗೆಯೇ. ಆ ಎರಡನ್ನೂ ಜೋಡಿಯಾಗಿ ಎಣಿಸಿದರೆ ಹನ್ನೊಂದು. “ಅದು ನಮ್ಮ ಹಾಳೆಯಲ್ಲಿ ಇಲ್ಲವಲ್ಲ ಮಾವ?” ಎಂದಳು. ಇಲ್ಲ, ಮುಂದಿನ ವರ್ಷದ್ದು ಎಂದೆ. ಚಳ್ಳಕೆರೆ ಬಸ್ಸಿಗೆ ಹೊತ್ತಾಗಿತ್ತು.